"ನಿಲ್ಲಿಸು" ಅಂದರೆ ನಿಲ್ಲುವುದಿಲ್ಲ: ಮಕ್ಕಳ ಟಿಕ್ ಬಗ್ಗೆ ಶಿಕ್ಷಕರ ಜೊತೆ, ಪೋಷಕರ ಜೊತೆ

(ಶಾಲೆಯೊಂದರಲ್ಲಿ ಶಿಕ್ಷಕರು ಮತ್ತು ಪೋಷಕರು ಒಟ್ಟಿಗೆ ಕೂತಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಒಂದು ಲೆಕ್ಕ ಓದುತ್ತೇನೆ. ಒಂದೇ ಷರತ್ತು. ನಾನು ಓದಿ ಮುಗಿಸುವ ತನಕ ನೀವು ಯಾರೂ ರೆಪ್ಪೆ ಬಡಿಯಬಾರದು. ಸರಿನಾ? ಶುರು.

ಒಬ್ಬ ರೈತ 14 ಬುಟ್ಟಿ ಮಾವಿನಹಣ್ಣು ಸಂತೆಗೆ ತಂದ. ಒಂದೊಂದು ಬುಟ್ಟಿಯಲ್ಲಿ 25 ಹಣ್ಣು. ಬೆಳಿಗ್ಗೆ 6 ಬುಟ್ಟಿ ಮಾರಿಹೋಯಿತು. ಉಳಿದ ಬುಟ್ಟಿಗಳನ್ನು ಬಿಚ್ಚಿ ನೋಡಿದರೆ 38 ಹಣ್ಣು ಕೊಳೆತಿದ್ದವು. ಈಗ ಅವನ ಹತ್ತಿರ ಎಷ್ಟು ಒಳ್ಳೆಯ ಹಣ್ಣು ಇವೆ?

ಉತ್ತರ 162. ನಾಲ್ಕನೇ ಕ್ಲಾಸಿನ ಲೆಕ್ಕ ಇದು. ಇಲ್ಲಿ ಕೂತವರಲ್ಲಿ ಗಣಿತದ ಮೇಷ್ಟ್ರೂ ಇದ್ದಾರೆ. ಆದರೂ ಕೈ ಎತ್ತಿದವರು ಇಬ್ಬರೇ. ಮುಂದಿನ ಸಾಲಿನ ಒಬ್ಬ ಮೇಡಂ "ಬುಟ್ಟಿ ಎಷ್ಟು ಅಂತಾನೇ ಕೇಳಿಸಲಿಲ್ಲ, ಕಣ್ಣು ಉರೀತಿತ್ತು" ಅಂದರು. ಆ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಟಿಕ್, ಅಂದರೆ ತಾನಾಗೇ ಮತ್ತೆ ಮತ್ತೆ ಬರುವ ಚಲನೆ ಅಥವಾ ಶಬ್ದ, ಇರುವ ಮಗುವಿಗೆ ಕ್ಲಾಸಿನಲ್ಲಿ "ಸುಮ್ನೆ ಕೂರು" ಅಂದಾಗ ಆಗುವುದು ಇದೇ. ಅವನು ಸುಮ್ಮನೆ ಕೂರಬಲ್ಲ, ಸ್ವಲ್ಪ ಹೊತ್ತು. ಆದರೆ ಪಾಠಕ್ಕೆ ಇರಬೇಕಾದ ಗಮನವೆಲ್ಲ ಸುಮ್ಮನೆ ಕೂರುವುದಕ್ಕೇ ಖರ್ಚಾಗುತ್ತದೆ.

ಒಬ್ಬ ಹುಡುಗ

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ನಾನು ನೋಡಿದ ಕೆಲವು ಮಕ್ಕಳ ವಿವರಗಳನ್ನು ಒಂದೇ ಹುಡುಗನ ಮೇಲೆ ಹಾಕಿ ಹೇಳುತ್ತಿದ್ದೇನೆ. ನಾನು ಮಕ್ಕಳ ಮನಶ್ಶಾಸ್ತ್ರಜ್ಞೆ. ಇಂಥ ಕಥೆ ನನ್ನ ಕೋಣೆಗೆ ಬರುತ್ತಲೇ ಇರುತ್ತದೆ.

ಅವನಿಗೆ ಆರು ವರ್ಷ ಇದ್ದಾಗ ಕಣ್ಣು ಪಿಳಿಪಿಳಿ ಬಡಿಯಲು ಶುರು ಮಾಡಿದ. ಟಿವಿ ಜಾಸ್ತಿ ಆಯಿತು ಅಂತ ಮನೆಯವರು ಟಿವಿ ನಿಲ್ಲಿಸಿದರು. ಕಣ್ಣಿನ ಡಾಕ್ಟರು ಅಲರ್ಜಿ ಇರಬಹುದು ಅಂತ ಡ್ರಾಪ್ಸ್ ಕೊಟ್ಟರು. ಎರಡು ತಿಂಗಳಲ್ಲಿ ಕಣ್ಣು ಸರಿಹೋಯಿತು. ಟಿವಿ ನಿಲ್ಲಿಸಿದ್ದಕ್ಕೆ ಹೋಯಿತು ಅಂತ ಅಪ್ಪ, ಡ್ರಾಪ್ಸ್‌ನಿಂದ ಹೋಯಿತು ಅಂತ ಅಮ್ಮ, ದೃಷ್ಟಿ ತೆಗೆದಿದ್ದಕ್ಕೆ ಹೋಯಿತು ಅಂತ ಅಜ್ಜಿ ಅಂದುಕೊಂಡರು. ಏಳನೇ ವರ್ಷಕ್ಕೆ ಮೂಗು ಸೊಟ್ಟ ಮಾಡುವುದು ಬಂತು. ಅದು ಹೋಗುವಷ್ಟರಲ್ಲಿ ಭುಜ ಎಗರಿಸುವುದು ಬಂತು. ಎಂಟಕ್ಕೆ ಗಂಟಲಿನ ಶಬ್ದ. ಮೊದಲು "ಹ್ಮ್, ಹ್ಮ್" ಅಂತ ಗಂಟಲು ಸರಿಮಾಡಿಕೊಳ್ಳುವ ಹಾಗೆ. ಕೆಮ್ಮಿನ ಸಿರಪ್ ಮೂರು ಬಾಟಲಿ ಮುಗಿದವು. ಇನ್‌ಹೇಲರ್ ಕೊಟ್ಟು ನೋಡಿದರು. ಏನೂ ಬದಲಾಗಲಿಲ್ಲ.

ನಾಲ್ಕನೇ ಕ್ಲಾಸಿನಲ್ಲಿ ಅದು ಜೋರಾದ "ಹುಪ್" ಆಯಿತು. ಜೊತೆಗೆ ಕತ್ತು ಒಂದು ಕಡೆಗೆ ಎಳೆಯುತ್ತಿದ್ದ. ಕ್ಲಾಸು ನಗುತ್ತಿತ್ತು. ಬೇಕಂತಲೇ ಮಾಡುತ್ತಾನೆ ಅಂತ ಟೀಚರ್‌ಗೆ ಅನ್ನಿಸಿತು. ಹಾಗೆ ಅನ್ನಿಸಲು ಕಾರಣವೂ ಇತ್ತು. "ನಿಲ್ಲಿಸು" ಅಂದ ಕೂಡಲೇ ಅವನು ಒಂದು ನಿಮಿಷ ನಿಲ್ಲಿಸುತ್ತಿದ್ದ. ನಿಲ್ಲಿಸಲು ಆಗುತ್ತದೆ ಅಂದಮೇಲೆ ಮಾಡುವುದು ಯಾಕೆ? ಕಿರುಪರೀಕ್ಷೆಯ ದಿನ ಅವನನ್ನು ಹೊರಗೆ ಕಳಿಸಿದರು. ಆ ವಾರ ಶಬ್ದ ಇಮ್ಮಡಿಯಾಯಿತು.

ಆ ಟೀಚರ್ ಕೆಟ್ಟವರಲ್ಲ. ಆಮೇಲೆ ಆ ಹುಡುಗನಿಗೆ ಎಲ್ಲರಿಗಿಂತ ಜಾಸ್ತಿ ಸಹಾಯ ಮಾಡಿದವರು ಅವರೇ. ಅವರಿಗೆ ಯಾರೂ ಈ ವಿಷಯ ಹೇಳಿರಲಿಲ್ಲ, ಅಷ್ಟೇ.

ಟಿಕ್ ಅಂದರೆ ಏನು

ಟಿಕ್ ಅಂದರೆ ಥಟ್ಟನೆ ಬಂದು ಹೋಗುವ, ಮತ್ತೆ ಮತ್ತೆ ಬರುವ ಒಂದು ಚಲನೆ ಅಥವಾ ಶಬ್ದ. ಕಣ್ಣು ಬಡಿಯುವುದು, ಮುಖ ಹಿಂಡುವುದು, ಕತ್ತು ಎಳೆಯುವುದು ಚಲನೆಯ ಟಿಕ್. ಗಂಟಲು ಕೆರೆಯುವುದು, ಮೂಗು ಸುರ್ ಅನ್ನಿಸುವುದು, ಕೂಗು, ಪದ ಇವೆಲ್ಲ ಶಬ್ದದ ಟಿಕ್. ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷದೊಳಗೆ ಮುಖದಲ್ಲಿ ಶುರುವಾಗುತ್ತದೆ. ಹತ್ತರಿಂದ ಹನ್ನೆರಡರ ಹೊತ್ತಿಗೆ ಅತಿ ಜೋರಾಗಿರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ.

ಸಣ್ಣ ಮಕ್ಕಳಲ್ಲಿ ಕೆಲವು ತಿಂಗಳು ಇದ್ದು ತಾನಾಗೇ ಹೋಗುವ ಟಿಕ್ ತುಂಬಾ ಸಾಮಾನ್ಯ. ಒಂದು ವರ್ಷ ದಾಟಿದರೆ ದೀರ್ಘಕಾಲದ ಟಿಕ್ ಅನ್ನುತ್ತೇವೆ. ಹಲವು ಬಗೆಯ ಚಲನೆ, ಕನಿಷ್ಠ ಒಂದು ಶಬ್ದ, ಎರಡೂ ಇದ್ದು ಒಂದು ವರ್ಷ ದಾಟಿದ್ದರೆ ಅದು ಟೂರೆಟ್ ಸಿಂಡ್ರೋಮ್. 1885ರಲ್ಲಿ ಒಂಬತ್ತು ಜನರಲ್ಲಿ ಇದನ್ನು ನೋಡಿ ಬರೆದ ಫ್ರೆಂಚ್ ವೈದ್ಯ ಜಿಲ್ ದ ಲಾ ಟೂರೆಟ್ ಅವರ ಹೆಸರು ಇದಕ್ಕೆ ಉಳಿದಿದೆ. ನಮ್ಮ ಹುಡುಗನಿಗಿದ್ದದ್ದು ಇದೇ. ಹೆಸರು ಕೇಳಿ ಅವನ ಅಮ್ಮ ಅತ್ತರು. ಮೊಬೈಲಿನಲ್ಲಿ ಹುಡುಕಿದ್ದರು. ಟೂರೆಟ್ ಅಂದರೆ ಕೆಟ್ಟ ಬೈಗುಳ ಕೂಗುವ ಕಾಯಿಲೆ ಅಂತ ಅಲ್ಲಿ ಕಂಡಿತ್ತಂತೆ. ಹಾಗಾಗುವುದು ಹತ್ತು ಜನರಲ್ಲಿ ಒಬ್ಬರಿಗೋ ಸ್ವಲ್ಪ ಹೆಚ್ಚಿಗೋ, ಅಷ್ಟೇ.

ಇದು ಯಾಕೆ ಬರುತ್ತದೆ? ಮಿದುಳಿನ ಒಳಭಾಗದಲ್ಲಿ, ಯಾವ ಚಲನೆಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಆರಿಸುವ ಒಂದು ಜಾಲ ಇದೆ. ಅಲ್ಲಿ ತಡೆ ಸ್ವಲ್ಪ ಸಡಿಲ. ಬೇಡದ ತುಣುಕು ಚಲನೆಗಳು ಜಾರಿ ಹೊರಗೆ ಬರುತ್ತವೆ. ವಂಶದಲ್ಲಿ ಬರುವುದು ಜಾಸ್ತಿ. ನಮ್ಮ ಹುಡುಗನ ಅಪ್ಪನನ್ನು ಕೇಳಿದಾಗ, ಚಿಕ್ಕಂದಿನಲ್ಲಿ ತನ್ನನ್ನೂ "ಕಣ್ಣು ಮಿಟುಕ" ಅಂತ ರೇಗಿಸುತ್ತಿದ್ದರು ಅಂತ ನೆನಪಿಸಿಕೊಂಡರು. ಮೊಬೈಲ್, ಮುದ್ದು, ಹೊಡೆತ, ಯಾವುದೂ ಟಿಕ್ ಹುಟ್ಟಿಸುವುದಿಲ್ಲ. ಆದರೆ ನಿದ್ದೆ ಕಡಿಮೆ ಆದರೆ, ಭಯ ಆದರೆ, ಹಬ್ಬದ ಖುಷಿ ಜಾಸ್ತಿ ಆದರೆ ಕೂಡ ಇರುವ ಟಿಕ್ ಜೋರಾಗುತ್ತದೆ.

ಎರಡು ವಿಷಯ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲನೆಯದು, ಟಿಕ್‌ಗೆ ಏರಿಳಿತ ಇದೆ. ಕೆಲವು ವಾರ ಜೋರು, ಕೆಲವು ವಾರ ತಣ್ಣಗೆ. ಒಂದು ಹೋಗಿ ಇನ್ನೊಂದು ಬರುತ್ತದೆ. ಅದಕ್ಕೇ ಆ ಮನೆಯಲ್ಲಿ ಮೂವರಿಗೂ ತಮ್ಮ ತಮ್ಮ ಮದ್ದೇ ಕೆಲಸ ಮಾಡಿತು ಅನ್ನಿಸಿದ್ದು. ಟಿಕ್ ಅತಿ ಜೋರಾದಾಗಲೇ ನಾವು ಏನಾದರೂ ಮಾಡುತ್ತೇವೆ. ಅದು ತಾನಾಗೇ ಇಳಿಯುವ ಸಮಯವೂ ಅದೇ ಆಗಿರುತ್ತದೆ.

ಎರಡನೆಯದು ಒಳಗಿನ ಒತ್ತಡ. ಎಂಟು ಹತ್ತು ವರ್ಷದ ಮಕ್ಕಳು ಇದನ್ನು ಹೇಳಬಲ್ಲರು. ನಮ್ಮ ಹುಡುಗ ಹೇಳಿದ್ದು: "ಗಂಟಲಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡ ಹಾಗೆ ಆಗುತ್ತೆ ಆಂಟಿ. ಹುಪ್ ಅಂದ್ರೆ ಹೋಗುತ್ತೆ. ಆಮೇಲೆ ಇನ್ನೊಂದು ಅಕ್ಕಿಕಾಳು ಬರುತ್ತೆ." ಸೀನು ಬರುವಾಗ ಮೂಗಿನಲ್ಲಿ ಆಗುವ ಕಚಗುಳಿಯ ಹಾಗೆ ಇದು. ಸೀನನ್ನು ಸ್ವಲ್ಪ ಹೊತ್ತು ತಡೆಯಬಹುದು. ತಡೆಯಬಲ್ಲಿರಿ ಅಂದ ಮಾತ್ರಕ್ಕೆ ನೀವು ಬೇಕಂತ ಸೀನಿದಿರಿ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ?

ಈ ಒತ್ತಡ, ಈ ಸ್ವಲ್ಪ ಹೊತ್ತಿನ ತಡೆ, ಇವೆರಡೂ ಬೇರೆ ಕಾಯಿಲೆಗಳಿಂದ ಟಿಕ್ಕನ್ನು ಬೇರ್ಪಡಿಸಲು ನಮಗೆ ಸಹಾಯ ಮಾಡುತ್ತವೆ. ಮಗು ಮಾತಿನ ಮಧ್ಯೆ ಥಟ್ಟನೆ ನಿಂತು, ಕೆಲವು ಸೆಕೆಂಡು ಶೂನ್ಯ ನೋಡುತ್ತಾ ರೆಪ್ಪೆ ಅಲುಗಾಡಿಸಿ, ಕರೆದರೂ ಓಗೊಡದಿದ್ದರೆ ಅದು ಮೂರ್ಛೆರೋಗದ ಒಂದು ಬಗೆ ಇರಬಹುದು. ಕೈಕಾಲು ಎಲ್ಲ ನಿಲ್ಲದೆ ಹರಿದಾಡುವ ಹಾಗೆ ಆಡುತ್ತಿದ್ದರೆ, ಕೈಯಿಂದ ಲೋಟ, ಪೆನ್ಸಿಲ್ ಜಾರುತ್ತಿದ್ದರೆ, ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟರೆ, ಅದು ಗಂಟಲಿನ ಸೋಂಕಿನ ನಂತರ ಬರುವ ಕೊರಿಯಾ ಅನ್ನುವ ಕಾಯಿಲೆ ಇರಬಹುದು. ಅದರಲ್ಲಿ ಹೃದಯವನ್ನೂ ಪರೀಕ್ಷೆ ಮಾಡಿಸಬೇಕು. ಈ ಎರಡರಲ್ಲೂ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಉಳಿದಂತೆ, ಸಾಮಾನ್ಯ ಟಿಕ್ಕಿಗೆ ಮಿದುಳಿನ ಸ್ಕ್ಯಾನ್ ಬೇಕಾಗುವುದಿಲ್ಲ. ಫೋನಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೋ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಡಾಕ್ಟರ ಮುಂದೆ ಕೂತಾಗ ಎಷ್ಟೋ ಮಕ್ಕಳ ಟಿಕ್ ಮಾಯವಾಗಿರುತ್ತದೆ.

ಮನೆಯಲ್ಲಿ ಬರೆದ ಒಂದು ನೋಟ್‌ಬುಕ್

ನಾನು ಮೊದಲು ಕೊಟ್ಟ ಕೆಲಸ ಹುಡುಗನಿಗಲ್ಲ, ಅಮ್ಮನಿಗೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ ಅಂದೆ. ಟಿಕ್ ಜೋರಾದದ್ದು ಯಾವಾಗ? ಆಗ ಏನು ನಡೆಯುತ್ತಿತ್ತು? ಆದ ಕೂಡಲೇ ಯಾರು ಏನು ಅಂದರು? ಈ ಮೂರನೇ ಪ್ರಶ್ನೆಯನ್ನು ಬಿಡಬೇಡಿ ಅಂತ ಒತ್ತಿ ಹೇಳಿದ್ದೆ.

ನೋಟ್‌ಬುಕ್ಕಿನಲ್ಲಿ ಸಂಜೆ ಏಳು ಗಂಟೆ ಮತ್ತೆ ಮತ್ತೆ ಕಾಣಿಸಿತು. ಹೋಮ್‌ವರ್ಕ್ ಸಮಯ. ಗುಣಾಕಾರ ಶುರುವಾದರೆ "ಹುಪ್" ಶುರು. ಅಪ್ಪ "ಏಯ್, ನಿಲ್ಸೋ" ಅನ್ನುತ್ತಿದ್ದರು. ಶಬ್ದ ಇನ್ನೂ ಜಾಸ್ತಿ. ಆಗ ಅಜ್ಜಿ ಬಂದು "ಸಾಕು ಬಿಡು ಕಂದ, ಗಂಟಲು ನೋಯುತ್ತೆ, ಬಾ ಊಟ ಮಾಡು" ಅಂತ ಪುಸ್ತಕ ಮುಚ್ಚಿಸುತ್ತಿದ್ದರು. ಭಾನುವಾರ ಕ್ರಿಕೆಟ್ ಆಡುವಾಗ ಬರೆಯಲು ಏನೂ ಇರಲಿಲ್ಲ.

ಇದನ್ನು ನೋಡಿ ಅಪ್ಪ "ನೋಡಿ, ನಾಟಕಾನೇ" ಅಂದರು. ಇಲ್ಲಿ ನಿಧಾನವಾಗಿ ಅರ್ಥ ಮಾಡಿಕೊಳ್ಳಬೇಕು. ಹುಡುಗ ನಾಟಕ ಮಾಡುತ್ತಿರಲಿಲ್ಲ. ಟಿಕ್ ಮಿದುಳಿನಿಂದ ಬರುತ್ತದೆ. ಆದರೆ ಅದು ಬಂದಮೇಲೆ ಏನಾಗುತ್ತದೆ ಅನ್ನುವುದನ್ನು ಮಿದುಳು ಗಮನಿಸುತ್ತದೆ. ಟಿಕ್ ಬಂದಾಗಲೆಲ್ಲ ಕಷ್ಟದ ಕೆಲಸ ತಪ್ಪಿದರೆ, ಅಥವಾ ಎಲ್ಲರ ಕಣ್ಣು ತನ್ನ ಮೇಲೆ ಬಿದ್ದರೆ, ಆ ಜಾಗದಲ್ಲಿ ಟಿಕ್ ಇನ್ನೂ ಗಟ್ಟಿಯಾಗುತ್ತದೆ. ಮಗುವಿಗೆ ಇದು ಗೊತ್ತೂ ಆಗುವುದಿಲ್ಲ. ಕ್ರಿಕೆಟ್‌ನಲ್ಲಿ ಟಿಕ್ ಇಲ್ಲದಿರಲು ಕಾರಣ ಬೇರೆ. ಮೈ, ಮನಸ್ಸು ಎರಡೂ ಒಂದೇ ಕೆಲಸದಲ್ಲಿ ಮುಳುಗಿದಾಗ ಟಿಕ್ ಇಳಿಯುತ್ತದೆ.

ಮನೆಯಲ್ಲಿ ಮಾಡಿದ ಬದಲಾವಣೆ ಸಣ್ಣದು. ಟಿಕ್ ಬಗ್ಗೆ ಯಾರೂ ಮಾತಾಡಬಾರದು. ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ. ಹೋಮ್‌ವರ್ಕನ್ನು ಹತ್ತು ಹತ್ತು ನಿಮಿಷದ ಎರಡು ಮೂರು ತುಂಡು ಮಾಡಿದೆವು. ಮಧ್ಯೆ ಐದು ನಿಮಿಷ ಅಂಗಳದಲ್ಲಿ ಓಡಾಟ. ಟಿಕ್ ಇದ್ದರೂ ಬಿಡುವು, ಇಲ್ಲದಿದ್ದರೂ ಬಿಡುವು. ಟಿಕ್ ಬಂತು ಅಂತ ಪುಸ್ತಕ ಮುಚ್ಚುವುದಿಲ್ಲ. ಅಜ್ಜಿಗೆ ಇದು ತುಂಬಾ ಕಷ್ಟವಾಯಿತು. ಅವರಿಗೆ ಬೇರೆ ಕೆಲಸ ಕೊಟ್ಟೆವು. ಬಿಡುವಿನ ಐದು ನಿಮಿಷ ಅಜ್ಜಿಯದು. ಕಡಲೆಕಾಯಿ ಕೊಟ್ಟು ಕಥೆ ಹೇಳುವ ಕೆಲಸ.

ಕ್ಲಾಸಿನಲ್ಲಿ

ಶಿಕ್ಷಕರು ಮಾಡಬೇಕಾದ ಮುಖ್ಯ ಕೆಲಸ ಟಿಕ್ಕನ್ನು ಕಾಣದ ಹಾಗೆ ಪಾಠ ಮುಂದುವರಿಸುವುದು. ಕೇಳಲು ಸುಲಭ. ನಿಮ್ಮ ಪದ್ಯದ ನಡುವೆ "ಹುಪ್" ಬಂದಾಗ ಕಣ್ಣು ಆ ಕಡೆ ಹೋಗದಿರುವುದು ಸುಲಭವಲ್ಲ, ನನಗೆ ಗೊತ್ತು. ಆದರೆ ಇಡೀ ಕ್ಲಾಸು ನಿಮ್ಮ ಮುಖ ನೋಡುತ್ತಿರುತ್ತದೆ. ನೀವು ತಿರುಗದಿದ್ದರೆ ಒಂದು ವಾರದಲ್ಲಿ ಮಕ್ಕಳೂ ತಿರುಗುವುದನ್ನು ಬಿಡುತ್ತಾರೆ. ಫ್ಯಾನಿನ ಕಿರಕಿರ ಸದ್ದಿಗೆ ಒಗ್ಗಿಕೊಂಡ ಹಾಗೆ.

ಕೂರುವ ಜಾಗದ ವಿಷಯದಲ್ಲಿ ನಾವು ತಪ್ಪು ಮಾಡುತ್ತೇವೆ. ತೊಂದರೆ ಇರುವ ಮಗು ಅಂದಕೂಡಲೇ ಮುಂದಿನ ಬೆಂಚಿನ ಮಧ್ಯಕ್ಕೆ ತರುತ್ತೇವೆ. ಟಿಕ್ ಇರುವ ಮಗುವಿಗೆ ಅದು ಶಿಕ್ಷೆ. ಬೆನ್ನ ಹಿಂದೆ ನಲವತ್ತು ಜೊತೆ ಕಣ್ಣು. ಅವನು ದಿನವಿಡೀ ತಡೆಯುತ್ತಾ ಕೂರುತ್ತಾನೆ. ಪಕ್ಕದ ಸಾಲಿನಲ್ಲಿ, ಬಾಗಿಲ ಹತ್ತಿರ, ಬೋರ್ಡ್ ನೇರವಾಗಿ ಕಾಣುವ ಜಾಗ ಒಳ್ಳೆಯದು. ನಮ್ಮ ಹುಡುಗ ಕತ್ತನ್ನು ಎಡಕ್ಕೆ ಎಳೆಯುತ್ತಿದ್ದ. ಅವನ ಎಡಕ್ಕೆ ಗೋಡೆ ಬರುವ ಹಾಗೆ ಕೂರಿಸಿದರು. ಪಕ್ಕದವನ ಮುಖಕ್ಕೆ ಮುಖ ಎದುರಾಗುವುದು ತಪ್ಪಿತು. ಜಾಗ ಬದಲಿಸುವ ಮುಂಚೆ ಅವನನ್ನೇ ಕೇಳಿದರು. ಬೆಂಚಿನ ಗೆಳೆಯನೂ ಜೊತೆಗೆ ಬರಲಿ ಅಂದ. ಅದನ್ನೂ ಒಪ್ಪಿದರು.

ಹೊರಗೆ ಹೋಗುವ ಅವಕಾಶ ಇನ್ನೊಂದು. ಟೀಚರ್ ಮತ್ತು ಅವನ ನಡುವೆ ಒಂದು ಸನ್ನೆ. ಅವನು ನೀರಿನ ಬಾಟಲಿಯನ್ನು ಡೆಸ್ಕಿನ ಮೂಲೆಗೆ ಇಟ್ಟರೆ ಹೊರಗೆ ಹೋಗಬೇಕು ಅಂತ ಅರ್ಥ. ಕೇಳುವುದಿಲ್ಲ, ಹೇಳುವುದಿಲ್ಲ. ಲೈಬ್ರರಿ ತನಕ ಹೋಗಿ, ಟಿಕ್ ಬಿಟ್ಟುಬಂದು, ಐದು ನಿಮಿಷದಲ್ಲಿ ವಾಪಸ್. ಇದನ್ನೇ ಶಿಕ್ಷೆಯಾಗಿ ಹೊರಗೆ ಕಳಿಸುವುದರ ಜೊತೆ ಹೋಲಿಸಿ ನೋಡಿ. ಬಾಗಿಲು ಒಂದೇ. ಆದರೆ ಇಲ್ಲಿ ಬಾಗಿಲು ಅವನ ಕೈಯಲ್ಲಿದೆ. ಅವನು ಮೊದಲ ವಾರ ದಿನಕ್ಕೆ ಐದಾರು ಸಲ ಹೋದ. ತಿಂಗಳಾದಮೇಲೆ ಒಂದೆರಡು ಸಲ. ಕೆಲವು ಮಕ್ಕಳು ಗಣಿತದ ಪೀರಿಯಡ್‌ನಲ್ಲಿ ಮಾತ್ರ ಹೋಗುತ್ತಾರೆ. ಆಗ ಆ ಪಾಠ ಅವರಿಗೆ ಕಷ್ಟವಾಗುತ್ತಿದೆಯಾ ಅಂತ ನೋಡಬೇಕು. ಸನ್ನೆಯನ್ನು ಕಿತ್ತುಕೊಳ್ಳಬೇಡಿ. ಬಿಟ್ಟುಹೋದ ಲೆಕ್ಕವನ್ನು ವಾಪಸ್ ಬಂದು ಮಾಡಿಸಿ.

ಪರೀಕ್ಷೆಗೆ ಬೇರೆ ಕೋಣೆ ಕೊಡಿ. ನಿಶ್ಶಬ್ದ ಹಾಲ್‌ನಲ್ಲಿ ಶಬ್ದದ ಟಿಕ್ ಇರುವ ಮಗು ಪರೀಕ್ಷೆ ಬರೆಯುವುದಿಲ್ಲ, ತಡೆಯುವ ಕೆಲಸ ಮಾಡುತ್ತದೆ. ಸ್ಟಾಫ್ ರೂಮಿನ ಮೂಲೆಯಾದರೂ ಸಾಕು. ಕೈ ಅಥವಾ ಕತ್ತಿನ ಟಿಕ್ ಇದ್ದರೆ ಬರೆಯುವ ವೇಗ ಕಡಿಮೆ, ಓದುವ ಸಾಲು ತಪ್ಪುತ್ತದೆ. ಸ್ವಲ್ಪ ಹೆಚ್ಚು ಸಮಯ ಬೇಕು. ಬೋರ್ಡಿನಿಂದ ಎಲ್ಲವನ್ನೂ ಬರೆದುಕೊಳ್ಳಬೇಕು ಅನ್ನುವ ಹಟ ಬೇಡ. ಗೆಳೆಯನ ನೋಟ್ಸಿನ ಫೋಟೋ ಸಾಕು. ಪಬ್ಲಿಕ್ ಪರೀಕ್ಷೆ ಇರುವ ವರ್ಷವಾದರೆ ವೈದ್ಯರ ಪತ್ರ ಇಟ್ಟುಕೊಂಡು ವರ್ಷದ ಶುರುವಿನಲ್ಲೇ ಶಾಲೆಯ ಮೂಲಕ ಕೇಳಿ. ಫೆಬ್ರುವರಿಯಲ್ಲಿ ಓಡಾಡಿದರೆ ತಡವಾಗಿರುತ್ತದೆ.

ಗಟ್ಟಿಯಾಗಿ ಓದಿಸುವ ವಿಷಯದಲ್ಲಿ ಮಗುವನ್ನು ಖಾಸಗಿಯಾಗಿ ಕೇಳಿ. ಕೆಲವರಿಗೆ ಓದುವಾಗ ಟಿಕ್ ಬರುವುದೇ ಇಲ್ಲ. ಅವರಿಗೆ ಅದು ಮೆರೆಯುವ ಸಮಯ. ಕೆಲವರಿಗೆ ನರಕ.

ಇನ್ನು ಉಳಿದ ಮಕ್ಕಳಿಗೆ ಹೇಳುವುದು. ಮಗು ಮತ್ತು ಮನೆಯವರು ಒಪ್ಪಿದರೆ ಮಾತ್ರ. ಆ ಟೀಚರ್ ಹೇಳಿದ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. "ಮಕ್ಕಳೇ, ಇವನಿಗೆ ಟಿಕ್ ಅಂತ ಇದೆ. ಸೀನು, ಬಿಕ್ಕಳಿಕೆ ಬರುವ ಹಾಗೆ ಶಬ್ದ ತಾನಾಗೇ ಬರುತ್ತೆ. ಅಂಟುವ ಕಾಯಿಲೆ ಅಲ್ಲ. ಅವನಿಗೆ ನೋವೂ ಇಲ್ಲ. ಬಂದಾಗ ನಾವು ನಮ್ಮ ಕೆಲಸ ಮಾಡ್ತಾ ಇರೋಣ. ಅಣಕಿಸಿದರೆ ಮಾತ್ರ ನನಗೆ ಬೇಜಾರಾಗುತ್ತೆ." ಎರಡು ನಿಮಿಷವೂ ಹಿಡಿಯಲಿಲ್ಲ. ಹುಡುಗ ಆ ಹೊತ್ತಿನಲ್ಲಿ ಕ್ಲಾಸಿನಲ್ಲಿ ಇರುವುದಿಲ್ಲ ಅಂದಿದ್ದ. ಹಾಗಾಗಿ ಅವನನ್ನು ಚಾಕ್ ತರಲು ಕಳಿಸಿದ್ದರು. ಕೆಲವು ಮಕ್ಕಳು ತಾವೇ ನಿಂತು ಹೇಳುತ್ತಾರೆ. ಹೇಗೆ ಅನ್ನುವುದನ್ನು ಮಗುವೇ ಆರಿಸಲಿ.

ಚಿಕಿತ್ಸೆ

ಎಲ್ಲ ಟಿಕ್ಕಿಗೂ ಚಿಕಿತ್ಸೆ ಬೇಡ. ಮಗುವಿಗೆ ನೋವಿಲ್ಲ, ಓದು, ಗೆಳೆತನ, ಆಟ ಯಾವುದಕ್ಕೂ ಅಡ್ಡಿ ಇಲ್ಲ ಅಂದರೆ ಕಾದು ನೋಡುವುದೇ ಸರಿಯಾದ ವೈದ್ಯಕೀಯ ಸಲಹೆ. ನಿಮಗೆ ನೋಡಲು ಕಷ್ಟವಾಗುತ್ತದೆ ಅನ್ನುವುದು ಮಗುವಿಗೆ ಮಾತ್ರೆ ಕೊಡಲು ಕಾರಣವಾಗಬಾರದು.

ಅಡ್ಡಿ ಇದ್ದರೆ ಮೊದಲ ದಾರಿ ಸಿಬಿಐಟಿ ಅನ್ನುವ ವರ್ತನಾ ತರಬೇತಿ. ಇದರ ತಿರುಳು 1973ರಲ್ಲಿ ಎಜ್ರಿನ್ ಮತ್ತು ನನ್ ಅನ್ನುವ ಮನಶ್ಶಾಸ್ತ್ರಜ್ಞರು ಕೊಟ್ಟದ್ದು. 2010ರಲ್ಲಿ ಅಮೆರಿಕದಲ್ಲಿ 126 ಮಕ್ಕಳ ಮೇಲೆ ಇದರ ಪರೀಕ್ಷೆ ನಡೆಯಿತು. ಹತ್ತು ವಾರ, ಎಂಟು ಭೇಟಿ. ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳಿಗೆ ಚೆನ್ನಾಗಿ ಸುಧಾರಿಸಿತು. ಬರೀ ಮಾತು, ಧೈರ್ಯ ಮಾತ್ರ ಸಿಕ್ಕವರಲ್ಲಿ ಐವರಲ್ಲಿ ಒಬ್ಬರಿಗೂ ಕಡಿಮೆ. ಅಂದರೆ ಎಲ್ಲರಿಗೂ ಆಗುವುದಿಲ್ಲ, ಆದರೆ ಅಡ್ಡಪರಿಣಾಮ ಇಲ್ಲದೆ ಇಷ್ಟು ಸಿಗುವುದು ದೊಡ್ಡ ವಿಷಯ.

ನಮ್ಮ ಹುಡುಗನ ಜೊತೆ ಹೇಗೆ ನಡೆಯಿತು ಹೇಳುತ್ತೇನೆ. ಯಾವ ಟಿಕ್ ಅತಿ ಬೇಜಾರು ಅಂತ ಅವನನ್ನೇ ಕೇಳಿದೆ. "ಹುಪ್" ಅಂದ. ಮೊದಲ ಭೇಟಿಯಲ್ಲಿ ಅದನ್ನು ನಿಲ್ಲಿಸಲು ಹೋಗಲಿಲ್ಲ. ಗುರುತಿಸುವುದು ಮಾತ್ರ. ಬಂದಾಗ ಬೆರಳು ಎತ್ತಬೇಕು. ಆಮೇಲೆ ಬರುವ ಮುಂಚೆ, ಅಕ್ಕಿಕಾಳು ಗೊತ್ತಾದ ಕೂಡಲೇ ಬೆರಳು ಎತ್ತಬೇಕು. ಶುರುವಿನಲ್ಲಿ ಹತ್ತರಲ್ಲಿ ಮೂರು ಸಲ ಮುಂಚೆ ಗೊತ್ತಾಗುತ್ತಿತ್ತು. ಎರಡನೇ ಭೇಟಿಯ ಕೊನೆಗೆ ಎಂಟು ಸಲ.

ಆಮೇಲೆ ಎದುರು ಕ್ರಿಯೆ. ಟಿಕ್ ಮಾಡಲು ಆಗದ ಹಾಗೆ ಇರುವ, ಬೇರೆಯವರಿಗೆ ಕಾಣದ ಒಂದು ಕೆಲಸ. ಗಂಟಲಿನ ಶಬ್ದಕ್ಕೆ ನಿಧಾನದ ಉಸಿರು. ಬಾಯಿ ಮುಚ್ಚಿ ಮೂಗಿನಿಂದ ಹೊಟ್ಟೆ ಉಬ್ಬುವ ಹಾಗೆ ಎಳೆದುಕೊಳ್ಳುವುದು, ಮೂಗಿನಿಂದಲೇ ನಿಧಾನ ಬಿಡುವುದು. ಅಕ್ಕಿಕಾಳು ಗೊತ್ತಾದ ಕೂಡಲೇ ಶುರು. ಒಂದು ನಿಮಿಷ, ಅಥವಾ ಒತ್ತಡ ಹೋಗುವ ತನಕ, ಯಾವುದು ಜಾಸ್ತಿಯೋ ಅಷ್ಟು. ಕತ್ತಿನ ಎಳೆತಕ್ಕೆ ಗಲ್ಲವನ್ನು ಸ್ವಲ್ಪ ತಗ್ಗಿಸಿ, ನೇರ ನೋಡುತ್ತಾ, ಕತ್ತಿನ ಸ್ನಾಯುಗಳನ್ನು ಮೆಲ್ಲಗೆ ಬಿಗಿ ಹಿಡಿಯುವುದು. ಪುಸ್ತಕ ಓದುತ್ತಲೇ ಇದನ್ನು ಮಾಡಬಹುದು.

ಇದು ಬರೀ ತಡೆಯುವುದಕ್ಕಿಂತ ಹೇಗೆ ಬೇರೆ? ತಡೆಯುವಾಗ ಮಗು ಒತ್ತಡದ ಜೊತೆ ಕುಸ್ತಿ ಮಾಡುತ್ತದೆ. ಇಲ್ಲಿ ಒತ್ತಡ ಟಿಕ್ ಇಲ್ಲದೆಯೂ ತಾನಾಗೇ ಇಳಿಯುತ್ತದೆ ಅಂತ ಮೈಗೆ ಗೊತ್ತಾಗುತ್ತದೆ. ಹಲವು ಸಲ ಹಾಗೆ ಇಳಿದಮೇಲೆ ಒತ್ತಡವೇ ಸಣ್ಣದಾಗುತ್ತದೆ. ಶುರುವಿನಲ್ಲಿ ಇದಕ್ಕೂ ಗಮನ ಬೇಕು, ಅದಕ್ಕೇ ಮೊದಲು ಶಾಲೆಯಲ್ಲಿ ಮಾಡಿಸುವುದಿಲ್ಲ. ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಅರ್ಧ ಅರ್ಧ ಗಂಟೆ, ಟಿವಿ ನೋಡುವಾಗ ಅಥವಾ ಅಮ್ಮನ ಜೊತೆ ಕೂತಾಗ. ಆಮೇಲೆ ವ್ಯಾನಿನಲ್ಲಿ, ಆಮೇಲೆ ಕ್ಲಾಸಿನಲ್ಲಿ.

ಇಲ್ಲಿ ಕೆಡುವುದು ಎಲ್ಲಿ ಅಂದರೆ, ಅಪ್ಪ ಅಮ್ಮ ಪೊಲೀಸ್ ಆಗಿಬಿಡುತ್ತಾರೆ. "ಉಸಿರಾಡು, ಉಸಿರಾಡು" ಅಂತ ದಿನವಿಡೀ. ಅದು ಹಳೆಯ "ನಿಲ್ಲಿಸು" ಮಾತೇ, ಬೇರೆ ಪದದಲ್ಲಿ. ಅಭ್ಯಾಸದ ಸಮಯದಲ್ಲಿ ಒಂದು ಸಲ ಮೆತ್ತಗೆ ನೆನಪಿಸಿ. ಮಾಡಿದಾಗ "ಚೆನ್ನಾಗಿ ಮಾಡಿದೆ" ಅನ್ನಿ. ಬಹುಮಾನವನ್ನು ಅಭ್ಯಾಸಕ್ಕೆ ಕೊಡಿ. ಟಿಕ್ ಕಡಿಮೆ ಬಂತು ಅಂತ ಕೊಡಬೇಡಿ. ಹಾಗೆ ಕೊಟ್ಟರೆ ಮಗು ಮತ್ತೆ ತಡೆಯಲು ಶುರು ಮಾಡುತ್ತದೆ.

ಎಂಟು ಭೇಟಿ ಮುಗಿದಾಗ "ಹುಪ್" ಪೂರ್ತಿ ಹೋಗಿರಲಿಲ್ಲ. ಬಹುಪಾಲು ದಿನ ಪಕ್ಕದವರಿಗೆ ಮಾತ್ರ ಕೇಳುವಷ್ಟಾಗಿತ್ತು. ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ಮತ್ತೆ ಜೋರಾಯಿತು. ಅಮ್ಮ ಗಾಬರಿಯಾಗಿ ಫೋನ್ ಮಾಡಿದರು. ಏರಿಳಿತದ ಮಾತು ನೆನಪಿಸಿದೆ. ಅಭ್ಯಾಸ ಮುಂದುವರಿಸಿದರು, ಮೂರು ವಾರದಲ್ಲಿ ಇಳಿಯಿತು.

ಈ ತರಬೇತಿ ಗೊತ್ತಿರುವವರು ಎಲ್ಲ ಊರಿನಲ್ಲಿ ಇಲ್ಲ. ವಿಡಿಯೋ ಕರೆಯಲ್ಲಿ ಮಾಡಿದರೂ ಚೆನ್ನಾಗಿ ಕೆಲಸ ಮಾಡುತ್ತದೆ. ದಾರಿ ಗೊತ್ತಿಲ್ಲದವರು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗ ಇದೆ.

ತರಬೇತಿ ಸಾಲದಿದ್ದರೆ, ಟಿಕ್‌ನಿಂದ ನೋವಾಗುತ್ತಿದ್ದರೆ, ಔಷಧ ಇದೆ. ಅದನ್ನು ಕೊಡುವುದು ಮನೋವೈದ್ಯರು ಅಥವಾ ನರರೋಗ ವೈದ್ಯರು. ಮಕ್ಕಳಲ್ಲಿ ಹೆಚ್ಚಾಗಿ ಮೊದಲು ಕ್ಲೋನಿಡಿನ್ ನೋಡುತ್ತಾರೆ. ಚಂಚಲತೆ ಜೊತೆಗಿದ್ದರೆ ಅದಕ್ಕೂ ಸ್ವಲ್ಪ ಸಹಾಯ. ತೂಕಡಿಕೆ ಬರುತ್ತದೆ, ರಕ್ತದೊತ್ತಡ ಇಳಿಯಬಹುದು. ಶಿಕ್ಷಕರೇ, ಮಗು ಮೊದಲ ಪೀರಿಯಡ್‌ನಲ್ಲಿ ನಿದ್ದೆ ಮಾಡಿದರೆ ಬೈಯದೆ ಮನೆಗೆ ತಿಳಿಸಿ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು. ರಕ್ತದೊತ್ತಡ ಇದ್ದಕ್ಕಿದ್ದಂತೆ ಏರುತ್ತದೆ. ಊರಿಗೆ ಹೋಗುವಾಗ ಮರೆತುಹೋಗುವುದು ಇದೇ ಮಾತ್ರೆ, ಹುಷಾರು. ಅರಿಪಿಪ್ರಜೋಲ್, ರಿಸ್ಪೆರಿಡೋನ್ ಇನ್ನೂ ಜಾಸ್ತಿ ಪರಿಣಾಮಕಾರಿ. ಆದರೆ ಹಸಿವು, ತೂಕ ಏರಬಹುದು, ಅದಕ್ಕೇ ತೂಕ ಮತ್ತು ರಕ್ತಪರೀಕ್ಷೆ ಆಗಾಗ ಬೇಕು. ಯಾವ ಔಷಧವೂ ಟಿಕ್ಕನ್ನು ಬೇರು ಸಹಿತ ಕೀಳುವುದಿಲ್ಲ. ಇಳಿಸುತ್ತದೆ, ಅಷ್ಟೇ.

ಕತ್ತಿನ ಎಳೆತ ತುಂಬಾ ಜೋರಿರುವ ಮಗುವಿಗೆ ಕೈ ಜೋಮು ಹಿಡಿಯುವುದು, ಕೈಕಾಲು ಬಲ ಕಡಿಮೆಯಾಗುವುದು ಕಂಡರೆ ಅದೇ ದಿನ ತೋರಿಸಿ. ಅಪರೂಪ, ಆದರೆ ಬೆನ್ನುಹುರಿಗೆ ಪೆಟ್ಟಾಗಬಹುದು.

ಕೆಲವು ಪ್ರಶ್ನೆಗಳು

ಒಬ್ಬ ಅಮ್ಮ ಕೇಳಿದರು: "ಮಗನಿಗೆ ಟಿಕ್ ಜೊತೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಚಂಚಲತೆಯ ತೊಂದರೆ, ಕೂಡ ಇದೆ. ಅದರ ಮಾತ್ರೆ ಕೊಟ್ಟರೆ ಟಿಕ್ ಜಾಸ್ತಿ ಆಗುತ್ತಂತೆ?" ಹಿಂದೆ ಹಾಗೆ ಹೆದರುತ್ತಿದ್ದೆವು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಬಹುಪಾಲು ಮಕ್ಕಳಲ್ಲಿ ಟಿಕ್ ಹೆಚ್ಚಿಸುವುದಿಲ್ಲ ಅಂತ ಈಗ ಅಧ್ಯಯನಗಳಿಂದ ಗೊತ್ತಾಗಿದೆ. ನಿಮ್ಮ ಡಾಕ್ಟರ ಜೊತೆ ಮಾತಾಡಿ. ಟೂರೆಟ್ ಇರುವ ಎಷ್ಟೋ ಮಕ್ಕಳಿಗೆ ಗಮನದ ತೊಂದರೆ, ಗೀಳು, ಆತಂಕ ಜೊತೆಗಿರುತ್ತವೆ. ಎಷ್ಟೋ ಸಲ ಓದು ಹಾಳಾಗುವುದು ಟಿಕ್ಕಿನಿಂದ ಅಲ್ಲವೇ ಅಲ್ಲ, ಇವುಗಳಿಂದ. ಟಿಕ್ ಕಿವಿಗೆ ಬೀಳುತ್ತದೆ, ಇವು ಬೀಳುವುದಿಲ್ಲ. ಹಾಗಾಗಿ ತಪಾಸಣೆಯಲ್ಲಿ ಇವನ್ನೂ ಕೇಳಿ.

ಪಿಟಿ ಮೇಷ್ಟ್ರು ಕೇಳಿದರು: "ಪ್ರಾರ್ಥನೆಯಲ್ಲಿ ಎಲ್ಲರೂ ಮೌನವಾಗಿ ನಿಂತಾಗಲೇ ಶಬ್ದ ಮಾಡ್ತಾನೆ. ಏನು ಮಾಡ್ಲಿ?" ಮೌನದಲ್ಲಿ ಟಿಕ್ ಜಾಸ್ತಿ, ಯಾಕೆಂದರೆ ಅಲ್ಲಿ ತಡೆಯಬೇಕಾದ ಹೆದರಿಕೆ ಜಾಸ್ತಿ. ಸಾಲಿನ ಕೊನೆಯಲ್ಲಿ ನಿಲ್ಲಿಸಿ. ಅಥವಾ ಕೆಲಸ ಕೊಡಿ, ಡ್ರಮ್ ಬಾರಿಸುವುದೋ, ಮೈಕ್ ಇಡುವುದೋ.

ಎಲ್ಲರೂ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆಯನ್ನು ಒಬ್ಬ ಅಪ್ಪ ಕೊನೆಗೆ ಕೇಳಿದರು: "ಇದು ಪೂರ್ತಿ ಹೋಗುತ್ತಾ ಮೇಡಂ?" ಹದಿನೆಂಟು ಇಪ್ಪತ್ತು ವರ್ಷದ ಹೊತ್ತಿಗೆ ಸುಮಾರು ಮೂರರಲ್ಲಿ ಒಬ್ಬರಿಗೆ ಹೋಗಿಯೇ ಬಿಟ್ಟಿರುತ್ತದೆ. ಇನ್ನೊಬ್ಬರಿಗೆ ತುಂಬಾ ಇಳಿದಿರುತ್ತದೆ. ಉಳಿದವರಿಗೆ ಮುಂದುವರಿಯುತ್ತದೆ. ನಿಮ್ಮ ಮಗ ಯಾವ ಗುಂಪು ಅಂತ ಈಗಲೇ ಹೇಳಲು ನನ್ನಿಂದ ಆಗುವುದಿಲ್ಲ.

ನಮ್ಮ ಹುಡುಗ ಈಗ ಏಳನೇ ಕ್ಲಾಸು. ಕಳೆದ ತಿಂಗಳು ಬಂದಿದ್ದ. ಕತ್ತಿನ ಎಳೆತ ಇಲ್ಲ. "ಹುಪ್" ಆಗಾಗ ಇದೆ. ಹೊಸದಾಗಿ ಕಣ್ಣು ಬಡಿಯುವುದು ವಾಪಸ್ ಬಂದಿದೆ. "ಇದಕ್ಕೆ ಅಭ್ಯಾಸ ಶುರು ಮಾಡೋಣ್ವಾ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ: "ಬೇಡ ಆಂಟಿ. ಇದರಿಂದ ನನಗೇನೂ ತೊಂದರೆ ಇಲ್ಲ. ಆದ್ರೆ ನೀರಿನ ಬಾಟಲಿ ವಿಷಯ ಹೊಸ ಕ್ಲಾಸ್ ಟೀಚರ್‌ಗೆ ಗೊತ್ತಿಲ್ಲ. ಅದನ್ನ ಒಂದು ಚೀಟಿಯಲ್ಲಿ ಬರೆದುಕೊಡಿ." ಬರೆದುಕೊಟ್ಟೆ.